ಹಸಿ ಕಾಂಕ್ರೀಟಿನ ಭಾರ ಹೊರುವವರು ಯಾರು?

ನಗರದ ದೊಡ್ಡ ವಸತಿ ಕಟ್ಟಡಗಳಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ಮನೆಗಳು. ಕಾರು ತಿರುಗಲು ಬೇಕಾದ ಕಂಬಗಳ ಅಂತರವೇ ಬೇರೆ, ಮನೆಯ ಗೋಡೆಗಳಿಗೆ ಒಪ್ಪುವ ಅಂತರವೇ ಬೇರೆ. ಮೇಲಿನ ಕಂಬಗಳು ಕೆಳಗಿನ ಕಂಬಗಳ ನೇರಕ್ಕೆ ಬರದಿದ್ದಾಗ ನಡುವೆ ದಪ್ಪನೆಯ ಸ್ಲ್ಯಾಬ್ ಹಾಕಿ, ಮೇಲಿನ ಹತ್ತಾರು ಮಹಡಿಗಳ ಭಾರವನ್ನು ಕೆಳಗಿನ ಕಂಬಗಳಿಗೆ ದಾಟಿಸುತ್ತಾರೆ. ಇದೇ ಟ್ರಾನ್ಸ್‌ಫರ್ ಸ್ಲ್ಯಾಬ್. ಗಟ್ಟಿಯಾದ ಮೇಲೆ ಇದು ಇಡೀ ಕಟ್ಟಡವನ್ನೇ ಹೊರುತ್ತದೆ. ಆದರೆ ಮೋಲ್ಡ್ ಹಾಕಿದ ದಿನ ತನ್ನ ಭಾರವನ್ನೂ ತಾನು ಹೊರಲಾರದು. ಆ ಕೆಲವು ವಾರಗಳ ಹೊಣೆ ಕೆಳಗಿನ ಸೆಂಟ್ರಿಂಗಿನದು. ಅದನ್ನು ಯಾವ ಲೆಕ್ಕದ ಮೇಲೆ ಕಟ್ಟಲಾಗಿದೆ, ಯಾರು ತಪಾಸಣೆ ಮಾಡಿದರು, ಯಾರು ಒಪ್ಪಿಗೆ ಕೊಟ್ಟರು ಎಂದು ಬರೆದಿಡುವ ದಾಖಲೆಯೇ ತಾತ್ಕಾಲಿಕ ಕಾಮಗಾರಿಯ ವಿನ್ಯಾಸ ಹೇಳಿಕೆ.

ಈ ಪದ್ಧತಿ ಗಟ್ಟಿಯಾಗಿ ಬೇರೂರಿದ್ದು ಬ್ರಿಟನ್ನಿನಲ್ಲಿ. 1972ರಲ್ಲಿ ರೆಡಿಂಗ್ ಬಳಿ ಲಾಡನ್ ನದಿಯ ಮೇಲೆ ಸೇತುವೆಗೆ ಕಾಂಕ್ರೀಟ್ ಹಾಕುತ್ತಿದ್ದಾಗ ಆಧಾರ ಚೌಕಟ್ಟು ಕುಸಿದು ಮೂವರು ಸತ್ತರು. ಬಳಿಕ ಬ್ರ್ಯಾಗ್ ಸಮಿತಿ 1975ರಲ್ಲಿ ಅಂತಿಮ ವರದಿ ಕೊಟ್ಟಿತು. ವಿನ್ಯಾಸದಿಂದ ಬಿಚ್ಚುವವರೆಗೆ ಎಲ್ಲವನ್ನೂ ಜೋಡಿಸಿ ನೋಡುವ ಒಬ್ಬ ಸಮನ್ವಯಾಧಿಕಾರಿ ಬೇಕೆಂಬ ವಿಚಾರ ಅಲ್ಲಿಂದ ಬಲ ಪಡೆಯಿತು. ಇಂದು ಅಲ್ಲಿನ ಬಿಎಸ್ 5975 ಸಂಹಿತೆ ಇದನ್ನು ವಿವರಿಸುತ್ತದೆ. ನಮ್ಮಲ್ಲಿ ಇಂಥ ಆಧಾರ ಚೌಕಟ್ಟುಗಳಿಗೆ ಐಎಸ್ 14687 ಎಂಬ ಮಾರ್ಗಸೂಚಿ ಇದೆ.

ಹೇಳಿಕೆಯೊಳಗೆ ಏನಿರುತ್ತದೆ ಎಂದು ತಿಳಿಯಲು ಒಂದು ಮಾದರಿ ಲೆಕ್ಕ ನೋಡೋಣ. ಸ್ಲ್ಯಾಬಿನ ದಪ್ಪ ಒಂದೂವರೆ ಮೀಟರ್, ವಿಸ್ತೀರ್ಣ 300 ಚದರ ಮೀಟರ್. ಕಂಬಿ ಒತ್ತಾಗಿ ತುಂಬಿದ ಕಾಂಕ್ರೀಟಿಗೆ ಘನ ಮೀಟರಿಗೆ 2.6 ಟನ್ ಹಿಡಿದರೆ, ಪ್ರತಿ ಚದರ ಮೀಟರಿಗೆ 3.9 ಟನ್. ಪ್ಲೈವುಡ್, ತೊಲೆ, ಮೇಲೆ ಓಡಾಡುವ ಜನ, ಪಂಪಿನ ಪೈಪು, ವೈಬ್ರೇಟರ್ ಎಲ್ಲಕ್ಕೂ ಇನ್ನೊಂದು 0.2 ಟನ್. ಒಟ್ಟು 4.1 ಟನ್. ಮಾಮೂಲಿ ಮನೆಯ ಆರು ಇಂಚಿನ ಸ್ಲ್ಯಾಬಿಗೆ ಇದೇ ಲೆಕ್ಕ ಹಾಕಿದರೆ ಅರ್ಧ ಟನ್ನನ್ನು ತುಸು ದಾಟುತ್ತದೆ, ಅಷ್ಟೆ.

ಕೆಳಗೆ ಕಪ್‌ಲಾಕ್ ಚೌಕಟ್ಟು. ಅದರ ಒಂದು ಕಾಲು ಎಷ್ಟು ಹೊರಬಲ್ಲದು ಎಂಬುದು ಅಡ್ಡಪಟ್ಟಿಗಳು ಎಷ್ಟೆತ್ತರಕ್ಕೊಂದು ಇವೆ, ಮೇಲಿನ ಕೆಳಗಿನ ಜಾಕಿಯನ್ನು ಎಷ್ಟು ಉದ್ದ ತಿರುಗಿಸಿದ್ದಾರೆ ಎಂಬುದರ ಮೇಲೆ ನಿಂತಿದೆ. ತಯಾರಕರ ಪಟ್ಟಿಯಿಂದ ನಮ್ಮ ಜೋಡಣೆಗೆ ಒಂದು ಕಾಲಿಗೆ 4 ಟನ್ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಕಾಲುಗಳನ್ನು 0.9 ಮೀಟರಿಗೊಂದರಂತೆ ಎರಡೂ ದಿಕ್ಕಿನಲ್ಲಿ ನಿಲ್ಲಿಸಿದರೆ ಪ್ರತಿಯೊಂದರ ಪಾಲಿಗೆ 0.81 ಚದರ ಮೀಟರ್, ಅಂದರೆ 3.3 ಟನ್. ನಾಲ್ಕಕ್ಕಿಂತ ಕಡಿಮೆ, ಸಾಕಲ್ಲ ಎನಿಸುತ್ತದೆ.

ಮೋಸ ಹೋಗುವುದು ಇಲ್ಲಿಯೇ. ಕಾಲುಗಳ ತಲೆಯ ಮೇಲೆ ಮಲಗುವ ತೊಲೆ ತುಂಡುತುಂಡಾಗಿರುವುದಿಲ್ಲ. ಮೂರು ಕಾಲುಗಳ ಮೇಲೆ ಒಂದೇ ತೊಲೆ ಹಾದುಹೋದರೆ, ಅದು ಬಾಗುವ ರೀತಿಯಿಂದಾಗಿ ನಡುವಿನ ಕಾಲು ತನ್ನ ಪಾಲಿಗಿಂತ ಕಾಲು ಭಾಗ ಹೆಚ್ಚು ಹೊರುತ್ತದೆ. 3.3 ಟನ್ 4.1ಕ್ಕೆ ಏರುತ್ತದೆ, ಮಿತಿ ದಾಟಿತು. ಒಂದು ದಿಕ್ಕಿನ ಅಂತರವನ್ನು 0.75 ಮೀಟರಿಗೆ ಇಳಿಸಿದರೆ ನಡುವಿನ ಕಾಲಿಗೆ ಸುಮಾರು 3.5 ಟನ್ ಬಂದು ಲೆಕ್ಕ ಒಪ್ಪುತ್ತದೆ. ವಿಸ್ತೀರ್ಣವನ್ನು ಭಾರದಿಂದ ಗುಣಿಸಿ ಮುಗಿಸಿದ ಹೇಳಿಕೆಯಲ್ಲಿ ಈ ತಪ್ಪು ಕಾಣುವುದೇ ಇಲ್ಲ.

ಇನ್ನೊಂದು ಲೆಕ್ಕ ಅಡ್ಡಕ್ಕೆ ತಳ್ಳುವ ಬಲದ್ದು. ಕಾಲುಗಳು ಎಷ್ಟೇ ನೆಟ್ಟಗಿದ್ದರೂ ತುಸು ವಾಲಿರುತ್ತವೆ, ಪಂಪು ಜಗ್ಗುತ್ತದೆ, ಗಾಳಿ ಬೀಸುತ್ತದೆ. ಬ್ರಿಟಿಷ್ ಸಂಹಿತೆಯ ಪ್ರಕಾರ ಒಟ್ಟು ಲಂಬ ಭಾರದ ಕನಿಷ್ಠ ಶೇ 2.5ರಷ್ಟು ಬಲ ಪಕ್ಕಕ್ಕೆ ತಳ್ಳುತ್ತದೆ ಎಂದು ಹಿಡಿಯಬೇಕು. ನಮ್ಮ ಸ್ಲ್ಯಾಬಿನ ಒಟ್ಟು ಭಾರ ಸುಮಾರು 1,230 ಟನ್. ಹಾಗಾಗಿ ಪಕ್ಕಕ್ಕೆ 31 ಟನ್. ಅದನ್ನು ಓರೆಪಟ್ಟಿಗಳು ತಡೆಯಬೇಕು, ಇಲ್ಲವೇ ಆಗಲೇ ಗಟ್ಟಿಯಾದ ಕಂಬಗಳಿಗೆ ಚೌಕಟ್ಟನ್ನು ಬಿಗಿಯಬೇಕು.

ಇಷ್ಟಾದ ಮೇಲೂ ಮುಖ್ಯ ಪ್ರಶ್ನೆ ಉಳಿದೇ ಇದೆ: ಕಾಲು ಊರಿರುವುದು ಯಾವುದರ ಮೇಲೆ? ಕೆಳಗೆ ನೆಲಮಹಡಿಯ ಸ್ಲ್ಯಾಬ್, ಅದರಡಿ ಎರಡು ನೆಲಮಾಳಿಗೆ, ಕಟ್ಟಕಡೆಗೆ ರಾಫ್ಟ್ ಬುನಾದಿ. ನೆಲಮಹಡಿಯನ್ನು ಚದರ ಮೀಟರಿಗೆ ಅರ್ಧ ಟನ್ ಬಳಕೆಯ ಭಾರಕ್ಕೆ ವಿನ್ಯಾಸ ಮಾಡಿದ್ದರೆ, ಬರುತ್ತಿರುವುದು ಅದರ ಎಂಟು ಪಟ್ಟು. ಎರಡು ಮಹಡಿ ಸೇರಿ ಹೊತ್ತರೂ ಒಂದು ಟನ್ ದಾಟದು. ಆದ್ದರಿಂದ ಪ್ರತಿ ಕಾಲಿನ ಕೆಳಗೆ ಅದೇ ನೇರಕ್ಕೆ ಎರಡೂ ಮಾಳಿಗೆಗಳಲ್ಲಿ ಮರುಆಧಾರದ ಪ್ರಾಪ್ ನಿಲ್ಲಿಸಿ ಭಾರವನ್ನು ರಾಫ್ಟಿಗೆ ಮುಟ್ಟಿಸಬೇಕು. ಮೇಲಿನ ಕಾಲಿಗೂ ಕೆಳಗಿನ ಪ್ರಾಪಿಗೂ ಒಂದಡಿ ಹೆಚ್ಚುಕಡಿಮೆಯಾದರೆ ನಡುವಿನ ತೆಳು ಸ್ಲ್ಯಾಬ್ ಅಲ್ಲಿ ಬಿರುಕು ಬಿಡಬಹುದು. ನೇರ ಇದ್ದರೂ ಭಾರ ಬಿದ್ದಾಗ ಉಕ್ಕಿನ ಕಾಲುಗಳು ಕೆಲವು ಮಿಲಿಮೀಟರ್ ಕುಗ್ಗುತ್ತವೆ. ಅದರೊಂದಿಗೆ ನೆಲಮಹಡಿಯೂ ಬಾಗಿ ಒಂದಷ್ಟು ಭಾರ ತಾನೂ ಹೊರುತ್ತದೆ. ಅದನ್ನು ಅದು ತಾಳುತ್ತದೆ ಎಂದು ಕಟ್ಟಡದ ಮೂಲ ವಿನ್ಯಾಸಕಾರರೇ ಬರೆದುಕೊಡಬೇಕು. ತಾಳದಿದ್ದರೆ ಟ್ರಾನ್ಸ್‌ಫರ್ ಸ್ಲ್ಯಾಬನ್ನು ಎರಡು ಪದರವಾಗಿ ಹಾಕುವ ದಾರಿಯಿದೆ: ಮೊದಲ ಪದರ ಬಲ ಪಡೆದು ಎರಡನೆಯದನ್ನು ಹೊರುತ್ತದೆ. ಆದರೆ ಎರಡು ಪದರಗಳನ್ನು ಬೆಸೆಯುವ ಕಂಬಿಯನ್ನು ಮೊದಲೇ ಯೋಚಿಸಿರಬೇಕು. ಹಾಗಾಗಿ ಆ ನಿರ್ಧಾರವೂ ಅವರದೇ.

ಇನ್ನು ಸಹಿಗಳ ಮಾತು. ಬಿಎಸ್ 5975 ತಪಾಸಣೆಯನ್ನು 0ಯಿಂದ 3ರವರೆಗೆ ನಾಲ್ಕು ವರ್ಗ ಮಾಡುತ್ತದೆ. ಸಿದ್ಧಪಟ್ಟಿಯಂತೆ ಕಟ್ಟುವ ಸಣ್ಣ ಕೆಲಸ 0. ಒಂದನೆಯದನ್ನು ಅದೇ ತಂಡದ ಇನ್ನೊಬ್ಬರು ನೋಡಿದರೆ ಸಾಕು. ಎರಡನೆಯದಕ್ಕೆ ಆ ವಿನ್ಯಾಸದಲ್ಲಿ ಕೈಯಾಡಿಸದವರು ಬೇಕು. ಮೂರನೆಯದಕ್ಕೆ ಬೇರೆಯೇ ಸಂಸ್ಥೆ. ಭಾರವನ್ನು ಹಲವು ಮಹಡಿಗಳ ಮೂಲಕ ಇಳಿಸುವ ನಮ್ಮ ಸ್ಲ್ಯಾಬ್ ಎರಡು ಅಥವಾ ಮೂರಕ್ಕೆ ಸೇರುತ್ತದೆ. ಹೊರಗಿನ ತಪಾಸಕರು ವಿನ್ಯಾಸಕಾರರ ಲೆಕ್ಕದ ಹಾಳೆಯನ್ನು ತಿದ್ದುತ್ತ ಕೂರುವುದಿಲ್ಲ. ನಕ್ಷೆಯನ್ನಷ್ಟೇ ಹಿಡಿದು ತಮ್ಮದೇ ಲೆಕ್ಕ ಮಾಡುತ್ತಾರೆ. ಕಾಲು ಭಾಗದ ಆ ಹೆಚ್ಚುವರಿ ಭಾರ ಮರೆತುಹೋಗಿದ್ದರೆ ಸಿಕ್ಕಿಬೀಳುವುದು ಹೀಗೆ ಹೊಸದಾಗಿ ಲೆಕ್ಕ ಹಾಕಿದಾಗಲೇ.

ಕಾಗದ ಒಪ್ಪಿತವಾದ ಮೇಲೆ ನಿವೇಶನದ ತಪಾಸಣೆ. ಯು-ಹೆಡ್‌ನಲ್ಲಿ ತೊಲೆ ನಡುಮಧ್ಯ ಕೂತಿದೆಯೇ? ಪಕ್ಕಕ್ಕೆ ಸರಿದಿದ್ದರೆ ಕಾಲು ಬಾಗತೊಡಗುತ್ತದೆ. ಕಪ್‌ಗಳನ್ನು ಸುತ್ತಿಗೆಯಿಂದ ಹೊಡೆದು ಬಿಗಿಸಿದ್ದಾರೆಯೇ? ಜಾಕಿಯ ಉದ್ದ ನಕ್ಷೆಯಲ್ಲಿದ್ದಷ್ಟೇ ಇದೆಯೇ? ದಾರಿಗೆ ಅಡ್ಡವೆಂದು ಯಾರಾದರೂ ಅಡ್ಡಪಟ್ಟಿ ಕಳಚಿದ್ದಾರೆಯೇ? ಕಳಚಿದ್ದರೆ ಪಟ್ಟಿಯ 4 ಟನ್ ಅಲ್ಲಿಗೆ ಸುಳ್ಳಾಯಿತು. ಎಲ್ಲ ಸರಿಯಿದ್ದರೆ ಸಮನ್ವಯಾಧಿಕಾರಿ ಭಾರ ಹಾಕಲು ಅನುಮತಿ ಪತ್ರ ಕೊಡುತ್ತಾರೆ, ಆಮೇಲೆ ಪಂಪು ಶುರು. ಕಾಂಕ್ರೀಟನ್ನು ಒಂದೇ ಕಡೆ ರಾಶಿ ಹಾಕಬಾರದು. ಅರ್ಧ ಮೀಟರಿನ ಗುಡ್ಡೆ ಚದರ ಮೀಟರಿಗೆ ಒಂದು ಟನ್ನಿಗೂ ಹೆಚ್ಚು ಸೇರಿಸುತ್ತದೆ. ಹಲಗೆಯ ತಳದಿಂದ ತೂಗುಬಿಟ್ಟ ಗುಂಡುಗಳ ಮಟ್ಟವನ್ನು ಸರ್ವೆಯವರು ದೂರದಿಂದಲೇ ನೋಡುತ್ತಿರುತ್ತಾರೆ. ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಇಳಿದರೆ, ಇಲ್ಲವೇ ಮರದ ಬೆಣೆ ಜಜ್ಜಿದ ಸದ್ದು ಕೇಳಿದರೆ ಪಂಪು ನಿಲ್ಲಬೇಕು, ಕೆಳಗಿದ್ದವರು ಹೊರಗೆ ಬರಬೇಕು. ಕೆಳಗೆ ನುಗ್ಗಿ ಇನ್ನೊಂದು ಜಾಕಿ ಕೊಡಲು ಹೋಗುವಂತಿಲ್ಲ.

ಬಿಚ್ಚಲಿಕ್ಕೂ ಬೇರೆ ಅನುಮತಿ ಪತ್ರ. ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರಿಗಿಂತ ದೊಡ್ಡ ಹಾಸಿನ ಸ್ಲ್ಯಾಬಿನ ಪ್ರಾಪ್‌ಗಳನ್ನು ಸಾಮಾನ್ಯ ಸಿಮೆಂಟಿನಲ್ಲಿ ಕನಿಷ್ಠ 14 ದಿನ ಬಿಡಬೇಕು. ದಿನ ಎಣಿಸಿದರೆ ಸಾಲದು, ಸ್ಲ್ಯಾಬಿನ ಜೊತೆಗೇ ಹದಗೊಂಡ ಕ್ಯೂಬುಗಳು ಬೇಕಾದ ಬಲ ತೋರಿಸಬೇಕು. ಸಡಿಲಿಸುವಾಗ ಹಾಸಿನ ನಡುವಿನಿಂದ ಶುರುಮಾಡಿ ಕಂಬಗಳ ಕಡೆಗೆ ಹೋಗಬೇಕು. ಮಹಡಿಗಳ ಕ್ರಮವಂತೂ ಮೇಲಿನಿಂದ ಕೆಳಕ್ಕೆ. ಕೆಳಗಿನ ಮಾಳಿಗೆಯಲ್ಲಿ ಜಾಗ ಬೇಕೆಂದು ಅಲ್ಲಿನ ಪ್ರಾಪ್‌ಗಳನ್ನು ಮೊದಲು ತೆಗೆದರೆ, ರಾಫ್ಟಿಗೆ ಹೋಗುತ್ತಿದ್ದ ಭಾರವೆಲ್ಲ ಅರ್ಧ ಟನ್ನಿನ ಆ ಸ್ಲ್ಯಾಬುಗಳ ಮೇಲೆ ಕೂರುತ್ತದೆ. ಎಲ್ಲರೂ ಮುಗಿಯಿತೆಂದುಕೊಂಡ ಹೊತ್ತಿನಲ್ಲಿ ಆಗಬಹುದಾದ ತಪ್ಪು ಇದು. ಹಾಗಾಗಿ ಬಿಚ್ಚುವ ಕ್ರಮವನ್ನೂ ನಕ್ಷೆಯಲ್ಲಿ ಅಂಕಿ ಹಾಕಿ ತೋರಿಸಿದಾಗಲೇ ಹೇಳಿಕೆ ಪೂರ್ಣವಾಗುತ್ತದೆ.