ಕಣ್ಣಿಲ್ಲದ ಪಾತ್ರಕ್ಕೆ ನೆಲದ ನಕ್ಷೆ

ವಿಡಿಯೊ ಗೇಮಿನೊಳಗಿನ ಕಾವಲುಗಾರನಿಗೆ ಕಣ್ಣಿಲ್ಲ. ಆಡುವವರಿಗೆ ಪರದೆಯ ಮೇಲೆ ಗೋಡೆ, ಬಾಗಿಲು, ಮೆಟ್ಟಿಲು ಕಾಣುತ್ತವೆ. ಕಂಪ್ಯೂಟರಿಗೆ ಅವೆಲ್ಲ ಬರೀ ತ್ರಿಕೋನಗಳ ರಾಶಿ. ಯಾವ ತ್ರಿಕೋನ ನೆಲ, ಯಾವುದು ಚಾವಣಿ, ಯಾವುದು ಗೋಡೆಗೆ ತೂಗುಹಾಕಿದ ಪಟ ಎಂಬುದು ಅದಕ್ಕೆ ತಾನಾಗಿ ತಿಳಿಯದು. ಆದರೂ ಸದ್ದು ಕೇಳಿದೊಡನೆ ಕಾವಲುಗಾರ ಕಂಬವನ್ನು ಬಳಸಿ, ಮೆಟ್ಟಿಲೇರಿ, ಬಾಗಿಲು ದಾಟಿ ಓಡಿಬರುತ್ತಾನೆ. ಆಟ ಸಿದ್ಧವಾಗುವಾಗಲೇ ನೆಲದ ಮೇಲೆ ಕಣ್ಣಿಗೆ ಬೀಳದ ಇನ್ನೊಂದು ಹಾಸನ್ನು ಯಾರೋ ಹಾಸಿಟ್ಟಿರುತ್ತಾರೆ, ಅದಕ್ಕೇ ಇದು ಸಾಧ್ಯ. ಆ ಹಾಸಿಗೆ ನ್ಯಾವಿಗೇಷನ್ ಮೆಶ್ ಎಂದು ಹೆಸರು. ಆ ಕೆಲಸದಲ್ಲಿರುವವರು ನ್ಯಾವ್‌ಮೆಶ್ ಎನ್ನುತ್ತಾರೆ.

ಇಂದು ಈ ಹಾಸನ್ನು ಹೆಣೆಯುವ ಕೆಲಸ ಹೆಚ್ಚಾಗಿ ಒಂದೇ ತಂತ್ರಾಂಶದ ಮೇಲೆ ನಿಂತಿದೆ. ಮಿಕ್ಕೊ ಮೊನೊನೆನ್ 2009ರಲ್ಲಿ ಎಲ್ಲರಿಗೂ ತೆರೆದಿಟ್ಟ ರೀಕಾಸ್ಟ್ ಅದು. ಯೂನಿಟಿ, ಅನ್‌ರಿಯಲ್, ಗೊಡೊ ಎಂಬ ಹೆಸರಾಂತ ಗೇಮ್ ಎಂಜಿನ್‌ಗಳು ಮೂರೂ ಇದನ್ನೇ ಆಧರಿಸಿವೆ. ಹಾಗಾಗಿ ರೀಕಾಸ್ಟ್ ಹೇಗೆ ಲೆಕ್ಕ ಹಾಕುತ್ತದೆ ಎಂದು ಒಮ್ಮೆ ಅರ್ಥವಾದರೆ, ಯಾವ ಎಂಜಿನ್‌ನಲ್ಲಿ ಪಾತ್ರ ಎಡವಿದರೂ ಕಾರಣ ಹುಡುಕುವುದು ಸುಲಭ.

ರೀಕಾಸ್ಟ್ ಮೊದಲು ಇಡೀ ದೃಶ್ಯವನ್ನು ವಾಕ್ಸೆಲ್ ಎಂಬ ಪುಟ್ಟ ಪುಟ್ಟ ಘನ ಚೌಕಗಳಾಗಿ ಒಡೆಯುತ್ತದೆ. ಆಮೇಲೆ ಪ್ರತಿ ಚೌಕದ ಮೇಲ್ಮೈಯನ್ನೂ ಪರೀಕ್ಷಿಸುತ್ತದೆ. ಇದರ ಇಳಿಜಾರು ಮಿತಿಯೊಳಗಿದೆಯೇ? ಮೇಲೆ ಪಾತ್ರದ ತಲೆ ತಾಗದಷ್ಟು ಜಾಗವಿದೆಯೇ? ಪಕ್ಕದ ಚೌಕಕ್ಕೆ ಒಂದೇ ಹೆಜ್ಜೆಯಲ್ಲಿ ಹತ್ತಬಹುದೇ? ಎಲ್ಲದರಲ್ಲೂ ಪಾಸಾದ ಚೌಕಗಳು ಮಾತ್ರ ನಡೆಯುವ ನೆಲವಾಗಿ ಉಳಿಯುತ್ತವೆ. ಬಳಿಕ ಆ ನೆಲದ ಅಂಚನ್ನು ಎಲ್ಲ ಕಡೆಯಿಂದಲೂ ಪಾತ್ರದ ಮೈಯ ತ್ರಿಜ್ಯದಷ್ಟು ಒಳಕ್ಕೆ ಸವೆಸಲಾಗುತ್ತದೆ. ಹೀಗೆ ಸವೆಸಿದ ಮೇಲೆ ಪಾತ್ರವನ್ನು ದಪ್ಪವೇ ಇಲ್ಲದ ಒಂದು ಬಿಂದು ಎಂದುಕೊಂಡು ಲೆಕ್ಕ ಮಾಡಬಹುದು; ಬಿಂದು ಹಾಸಿನ ಅಂಚಿನಲ್ಲೇ ಹೋದರೂ ಪಾತ್ರದ ಭುಜ ಗೋಡೆಗೆ ಉಜ್ಜುವುದಿಲ್ಲ. ಕೊನೆಗೆ ಉಳಿದ ಜಾಗವನ್ನು ಒಳತಗ್ಗಿಲ್ಲದ ಬಹುಭುಜಗಳಾಗಿ ಕತ್ತರಿಸಿದರೆ ನ್ಯಾವ್‌ಮೆಶ್ ಸಿದ್ಧ.

ಒಂದು ಮನೆಯನ್ನೇ ಕಲ್ಪಿಸಿಕೊಂಡು ನೋಡೋಣ. ತಲಾ 25 ಸೆಂಟಿಮೀಟರ್ ಎತ್ತರದ ಆರು ಮೆಟ್ಟಿಲು, ಹತ್ತಿದರೆ ಜಗಲಿ, ಅಲ್ಲಿ 1 ಮೀಟರ್ ಅಗಲದ ಬಾಗಿಲು. ಹಿತ್ತಲಲ್ಲಿ 40 ಡಿಗ್ರಿಯ ಇಳಿಜಾರು, ಅದರಾಚೆ 2 ಮೀಟರ್ ಅಗಲದ ಕಾಲುವೆ. ಕಾವಲುಗಾರನ ತ್ರಿಜ್ಯ 0.4 ಮೀಟರ್, ಅವನು ಹತ್ತಬಲ್ಲ ಮೆಟ್ಟಿಲಿನ ಎತ್ತರ 0.3 ಮೀಟರ್, ಇಳಿಜಾರಿನ ಮಿತಿ 45 ಡಿಗ್ರಿ. ವಾಕ್ಸೆಲ್‌ನ ಅಗಲ 0.3, ಎತ್ತರ 0.2 ಮೀಟರ್. ಕಾಗದದ ಮೇಲೆ ಇವೆಲ್ಲ ಸರಿಯಾಗಿಯೇ ಕಾಣುತ್ತವೆ. ಆದರೆ ಹಾಸು ಸಿದ್ಧವಾದಾಗ ಕಾವಲುಗಾರನಿಗೆ ಮೆಟ್ಟಿಲೂ ಇಲ್ಲ, ಬಾಗಿಲೂ ಇಲ್ಲ, ಇಳಿಜಾರೂ ಇಲ್ಲ.

ಮೊದಲು ಬಾಗಿಲು. ರೀಕಾಸ್ಟ್ ತ್ರಿಜ್ಯವನ್ನು ಮೀಟರಿನಲ್ಲಿ ಅಲ್ಲ, ಇಡೀ ಚೌಕಗಳಲ್ಲಿ ಎಣಿಸುತ್ತದೆ. ಚೂರು ಉಳಿದರೆ ಮೇಲಿನ ಅಂಕಿಗೆ ಏರಿಸುತ್ತದೆ. 0.4ನ್ನು 0.3ರಿಂದ ಭಾಗಿಸಿದರೆ ಒಂದು ಚೌಕ ದಾಟಿ ಸ್ವಲ್ಪ ಉಳಿಯುತ್ತದೆ, ಅದು ಎರಡು ಚೌಕವಾಗುತ್ತದೆ. ಅಂದರೆ ಬಾಗಿಲಿನ ಎರಡೂ ಬದಿಯಿಂದ ತಲಾ 0.6 ಮೀಟರ್ ಸವೆಯಬೇಕು. 1 ಮೀಟರಿನ ಬಾಗಿಲಿನಿಂದ 1.2 ಮೀಟರ್ ತೆಗೆದರೆ ಉಳಿಯುವುದೇನೂ ಇಲ್ಲ. ಚೌಕದ ಅಗಲವನ್ನು 0.1 ಮೀಟರಿಗೆ ಇಳಿಸಿದರೆ ಸವೆಯುವುದು ನಿಜಕ್ಕೂ 0.4 ಮಾತ್ರ; ಬಾಗಿಲ ನಡುವೆ 20 ಸೆಂಟಿಮೀಟರಿನ ಪಟ್ಟಿ ಉಳಿಯುತ್ತದೆ. ಬಿಂದುವಿಗೆ ಅಷ್ಟು ಸಾಕು.

ಮೆಟ್ಟಿಲಿನ ತೊಂದರೆ ಇನ್ನೂ ಸೂಕ್ಷ್ಮ. ಹತ್ತುವ ಎತ್ತರವನ್ನು ಲೆಕ್ಕ ಹಾಕುವಾಗ ರೀಕಾಸ್ಟ್ ಕೆಳಗಿನ ಅಂಕಿಗೆ ಇಳಿಸುತ್ತದೆ. 0.3ರಲ್ಲಿ 0.2ರ ಒಂದೇ ಚೌಕ ಪೂರ್ತಿ ಹಿಡಿಯುವುದರಿಂದ ಪಾತ್ರ ಒಂದು ಹೆಜ್ಜೆಗೆ ಒಂದೇ ಚೌಕ ಹತ್ತಬಲ್ಲದು. ನೆಲ ಮೊದಲ ಚೌಕದಲ್ಲಿದ್ದರೆ ಮೆಟ್ಟಿಲುಗಳು ಕ್ರಮವಾಗಿ 2, 3, 4, 5ನೇ ಚೌಕಕ್ಕೆ ಕೂರುತ್ತವೆ. ಐದನೇ ಮೆಟ್ಟಿಲಿನ ಎತ್ತರ 1.25 ಮೀಟರ್, ಅದು ಆರನ್ನು ಮೀರಿ ಏಳನೇ ಚೌಕಕ್ಕೆ ಹೋಗುತ್ತದೆ. ಅಲ್ಲಿಗೆ ಹಾಸು ಹರಿಯಿತು! ಎಲ್ಲ ಮೆಟ್ಟಿಲೂ ಒಂದೇ ಎತ್ತರವಿದ್ದರೂ ನಾಲ್ಕನೆಯದನ್ನು ಹತ್ತಿದ ಪಾತ್ರ ಐದನೆಯದರ ಮುಂದೆ ನಿಂತುಬಿಡುವುದು ಇದೇ ಕಾರಣಕ್ಕೆ. ಪ್ರೋಗ್ರಾಂ ಬರೆದವರು ಇದು ದಾರಿ ಹುಡುಕುವ ಕೋಡಿನ ತಪ್ಪೆಂದು ಗಂಟೆಗಟ್ಟಲೆ ಅದನ್ನೇ ಕೆದಕುವುದುಂಟು. ಚೌಕದ ಎತ್ತರವನ್ನು 0.1 ಮಾಡಿದರೆ ಹತ್ತುವ ಮಿತಿ ಮೂರು ಚೌಕವಾಗುತ್ತದೆ, ಮೆಟ್ಟಿಲುಗಳ ನಡುವಿನ ಅಂತರ ಎರಡು ಅಥವಾ ಮೂರರಲ್ಲೇ ನಿಲ್ಲುತ್ತದೆ, ದಾರಿ ಕೂಡಿಕೊಳ್ಳುತ್ತದೆ.

ಇಳಿಜಾರಿನ ಕಥೆಯೂ ಇದೇ. 40 ಡಿಗ್ರಿ ಮಿತಿಯೊಳಗೇ ಇದೆ. ಆದರೆ 0.3 ಮೀಟರ್ ಅಗಲದ ಚೌಕಗಳಲ್ಲಿ ಆ ಇಳಿಜಾರು ಪ್ರತಿ ಚೌಕಕ್ಕೆ ಸುಮಾರು 0.25 ಮೀಟರ್ ಏರುತ್ತದೆ. ಪಾತ್ರಕ್ಕೆ ಹತ್ತಲಾಗುವುದು 0.2 ಮಾತ್ರ. ಸಣ್ಣ ಚೌಕ ಬಂದೊಡನೆ ಈ ತೊಡಕೂ ಕಳೆಯುತ್ತದೆ. ಇದಕ್ಕೆ ಬೆಲೆಯೂ ಇದೆ: ಅಗಲ ಮೂರನೇ ಒಂದಾದರೆ ನೆಲದ ಚೌಕಗಳು ಒಂಬತ್ತು ಪಟ್ಟಾಗುತ್ತವೆ, ಹಾಸು ಹೆಣೆಯಲು ಹಿಡಿಯುವ ಸಮಯವೂ ಮೆಮೊರಿಯೂ ಹೆಚ್ಚುತ್ತವೆ. ಆದ್ದರಿಂದ ಅನುಭವಸ್ಥರು ಚೌಕದ ಅಗಲವನ್ನು ಪಾತ್ರದ ತ್ರಿಜ್ಯದ ಅರ್ಧ ಇಲ್ಲವೇ ಮೂರನೇ ಒಂದರಿಂದ ಶುರುಮಾಡಿ, ಇಕ್ಕಟ್ಟಾದ ಬಾಗಿಲುಗಳಿದ್ದರೆ ಮಾತ್ರ ಇನ್ನೂ ಇಳಿಸುತ್ತಾರೆ.

ಕಾಲುವೆಯನ್ನು ಮಾತ್ರ ಯಾವ ಚೌಕವೂ ದಾಟಿಸಲಾರದು. ಅಲ್ಲಿ ನೆಲವೇ ಇಲ್ಲ, ಹಾಸು ಎರಡು ತುಂಡು. ಈ ದಡದ ಒಂದು ಬಿಂದುವಿನಿಂದ ಆ ದಡದ ಒಂದು ಬಿಂದುವಿಗೆ ಕೊಂಡಿ ಹಾಕಬೇಕು. ರೀಕಾಸ್ಟ್‌ನಲ್ಲಿ ಇದು ಆಫ್‌ಮೆಶ್ ಕನೆಕ್ಷನ್. ಇಲ್ಲಿ ನೆಗೆ ಎಂಬ ಸೂಚನೆಯೂ, ಹೋಗಬಹುದು ಆದರೆ ಮರಳಿ ಬರಲಾಗದು ಎಂಬ ನಿರ್ಬಂಧವೂ ಈ ಕೊಂಡಿಯಲ್ಲೇ ಅಡಗಿರುತ್ತವೆ. ಎತ್ತರದ ಗೋಡೆಯಿಂದ ಧುಮುಕುವ ಜಾಗಗಳಿಗೆ ಏಕಮುಖ ಕೊಂಡಿ ಬೇಕೇ ಬೇಕು. ಗಮನಿಸಬೇಕಾದ ಇನ್ನೊಂದು ಸಂಗತಿ: ಕಾಲುವೆ 2 ಮೀಟರ್ ಅಗಲವಿದ್ದರೂ ಎರಡೂ ದಡದಲ್ಲಿ ಹಾಸು ತ್ರಿಜ್ಯದಷ್ಟು ಸವೆದಿರುತ್ತದೆ, ಅಂಚಿನ ಒಂದು ಚೌಕವೂ ಬಿದ್ದುಹೋಗಿರುತ್ತದೆ. ಹಾಸಿನಿಂದ ಹಾಸಿಗೆ ಅಂತರ ಸುಮಾರು 3 ಮೀಟರ್. ಯೂನಿಟಿಯಲ್ಲಿ ಕೊಂಡಿ ತಾನಾಗಿ ಹುಟ್ಟಲೆಂದು ನೆಗೆತದ ದೂರವನ್ನು ಕಾಲುವೆಯಷ್ಟೇ, ಅಂದರೆ 2 ಎಂದು ಕೊಟ್ಟರೆ ಒಂದು ಕೊಂಡಿಯೂ ಬರುವುದಿಲ್ಲ.

ಹಾಸು ಕೂಡಿತೆಂದರೆ ದಾರಿ ಹುಡುಕುವುದು ಬೇಗ ಮುಗಿಯುತ್ತದೆ. 1968ರಲ್ಲಿ ಹಾರ್ಟ್, ನಿಲ್ಸನ್, ರಫೇಲ್ ಪ್ರಕಟಿಸಿದ ಎ-ಸ್ಟಾರ್ ವಿಧಾನ ಯಾವ ಬಹುಭುಜದಿಂದ ಯಾವುದಕ್ಕೆ ಹೋಗಬೇಕೆಂದು ಸಾಲು ಹಿಡಿಯುತ್ತದೆ. ಆ ಸಾಲಿನೊಳಗೆ ದಾರ ಹಾಯಿಸಿ ಎರಡೂ ತುದಿ ಬಿಗಿ ಎಳೆದರೆ ಅದು ಮೂಲೆಗಳಿಗೆ ತಾಗಿ ನೇರವಾಗುವಂತೆ, ಫನೆಲ್ ಎಂಬ ಇನ್ನೊಂದು ವಿಧಾನ ಸೊಟ್ಟ ದಾರಿಯನ್ನು ನೆಟ್ಟಗೆ ಮಾಡುತ್ತದೆ.

ಒಂದು ಹಾಸು ಒಂದೇ ಅಳತೆಯ ಮೈಗೆ ಹೊಂದುತ್ತದೆ. ಅದೇ ಮನೆಗೆ 1.2 ಮೀಟರ್ ತ್ರಿಜ್ಯದ ರಾಕ್ಷಸ ಬಂದರೆ ಅವನಿಗೆ ಬೇರೆಯದೇ ಹಾಸು ಹೆಣೆಯಬೇಕು. ಕಾವಲುಗಾರನ ಹಾಸಿನಲ್ಲಿ ಬಿಟ್ಟರೆ ಅವನು ಬಾಗಿಲಿಗೆ ಸಿಕ್ಕಿಕೊಳ್ಳುತ್ತಾನೆ.

ರೀಕಾಸ್ಟ್‌ನೊಂದಿಗೆ ರೀಕಾಸ್ಟ್‌ಡೆಮೊ ಎಂಬ ಪುಟ್ಟ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ಆಸಕ್ತರು ತಮ್ಮದೇ ಮಾದರಿಯೊಂದನ್ನು ಅದರಲ್ಲಿ ತೆರೆದು, ಚೌಕದ ಅಳತೆಯನ್ನೂ ತ್ರಿಜ್ಯವನ್ನೂ ಬದಲಿಸುತ್ತ ಹಾಸು ಎಲ್ಲಿ ಹರಿಯುತ್ತದೆ, ಎಲ್ಲಿ ಕೂಡುತ್ತದೆ ಎಂದು ಕಣ್ಣಾರೆ ನೋಡಬಹುದು. ಪಾತ್ರ ಎಲ್ಲಾದರೂ ನಿಂತುಬಿಟ್ಟರೆ ಕೋಡ್ ಮುಟ್ಟುವ ಮೊದಲು ಈ ಹಾಸನ್ನು ಪರದೆಯ ಮೇಲೆ ತಂದು ನೋಡಿ.