ಒಂದು ಬಾಲ ಕಡಿದರೆ

1902ರ ಸುಮಾರಿಗೆ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ, ಪಾಲ್ ಎರ್ಲಿಕ್ ಅವರ ಪ್ರಯೋಗಾಲಯದಲ್ಲಿ, ಪ್ರೆಸ್ಟನ್ ಕೈಸ್ ಎಂಬ ಅಮೆರಿಕನ್ ಸಂಶೋಧಕ ನಾಗರಹಾವಿನ ವಿಷವನ್ನು ಬೇರೆ ಬೇರೆ ಪ್ರಾಣಿಗಳ ರಕ್ತದ ಮೇಲೆ ಪ್ರಯೋಗಿಸಿ ನೋಡುತ್ತಿದ್ದರು. ರಕ್ತದಿಂದ ಕೆಂಪುಕಣಗಳನ್ನಷ್ಟೇ ಬೇರ್ಪಡಿಸಿ, ಉಪ್ಪುನೀರಿನಲ್ಲಿ ತೊಳೆದು, ವಿಷ ಬೆರೆಸುವುದು. ಕಣಗಳು ಒಡೆದವೋ ಇಲ್ಲವೋ ಎನ್ನುವುದು ಬರಿಗಣ್ಣಿಗೇ ತಿಳಿಯುತ್ತದೆ. ಕಣಗಳು ತೇಲುತ್ತಿರುವಾಗ ಕದಡಿದಂತಿರುವ ದ್ರವ, ಅವು ಒಡೆದು ಹಿಮೋಗ್ಲೋಬಿನ್ ಹೊರಬಿದ್ದಾಗ ಆಚೆಯ ಅಕ್ಷರ ಓದುವಷ್ಟು ತಿಳಿಗೆಂಪಾಗುತ್ತದೆ.

ನಾಯಿಯ ಕಣಗಳು, ಗಿನಿಯಿಲಿಯ ಕಣಗಳು ಒಡೆದವು. ಎತ್ತು, ಕುರಿ, ಆಡುಗಳ ಕಣಗಳಿಗೆ ಮಾತ್ರ ಏನೂ ಆಗಲಿಲ್ಲ. ಆದರೆ ಅದೇ ಆಡಿನ ಕಣಗಳಿಗೆ ವಿಷದ ಜೊತೆ ಚೂರು ಲೆಸಿಥಿನ್ ಸೇರಿಸಿದರೆ ಅವೂ ಒಡೆಯುತ್ತಿದ್ದವು. ಲೆಸಿಥಿನ್ ಎಂದರೆ ಮೊಟ್ಟೆಯ ಹಳದಿ ಭಾಗದಲ್ಲಿ ಹೇರಳವಾಗಿರುವ ಕೊಬ್ಬು, ತಾನಾಗಿ ಯಾರಿಗೂ ಕೇಡು ಮಾಡದ್ದು. ವಿಷವೂ ಲೆಸಿಥಿನ್ನೂ ಕೂಡಿಕೊಂಡು ಹೊಸದೊಂದು ಮಾರಕ ಸಂಯುಕ್ತವಾಗುತ್ತದೆ ಎಂದು ಕೈಸ್ ಭಾವಿಸಿದರು. ನಡೆಯುತ್ತಿದ್ದುದು ಕೂಡುವ ಕೆಲಸವಲ್ಲ, ಕಡಿಯುವ ಕೆಲಸ.

ಲೆಸಿಥಿನ್ ಒಂದು ಫಾಸ್ಫೊಲಿಪಿಡ್. ಅದರ ನಡುವೆ ಮೂರು ಇಂಗಾಲಗಳ ಗ್ಲಿಸರಾಲ್ ಇದೆ. ಒಂದು ತುದಿಯ ಇಂಗಾಲಕ್ಕೆ ಫಾಸ್ಫೇಟ್, ಅದರಾಚೆ ಕೋಲೀನ್. ಫಾಸ್ಫೇಟಿನಲ್ಲಿ ಋಣ ವಿದ್ಯುದಂಶ, ಕೋಲೀನ್‌ನಲ್ಲಿ ಧನ. ಹೀಗಾಗಿ ಈ ತಲೆಗೆ ನೀರೆಂದರೆ ಇಷ್ಟ. ಉಳಿದೆರಡು ಇಂಗಾಲಗಳಿಗೆ ಒಂದೊಂದು ಕೊಬ್ಬಿನಾಮ್ಲದ ಬಾಲ. ತುದಿಯಲ್ಲಿರುವುದು ಸಾಮಾನ್ಯವಾಗಿ 16 ಇಂಗಾಲಗಳ ನೇರ ಸರಪಳಿಯಾದ ಪಾಮಿಟಿಕ್ ಆಮ್ಲ. ನಡುವಿನದು ಹೆಚ್ಚಾಗಿ 18 ಇಂಗಾಲಗಳ ಓಲಿಯಿಕ್ ಆಮ್ಲ ಅಥವಾ ಅಂಥದ್ದೇ ಇನ್ನೊಂದು. ಓಲಿಯಿಕ್ ಸರಪಳಿಯ ಮಧ್ಯದಲ್ಲಿ ಒಂದು ಜೋಡಿಬಂಧವಿದ್ದು, ಅಲ್ಲಿ ಅದು ಮೊಣಕೈಯಂತೆ ಬಾಗಿರುತ್ತದೆ. ಈ ಬಾಗಿನಿಂದಾಗಿ ಬಾಲಗಳು ಒತ್ತೊತ್ತಾಗಿ ಕೂತು ಗಟ್ಟಿಯಾಗುವುದಿಲ್ಲ. ಎರಡೂ ಬಾಲ ಪಾಮಿಟಿಕ್ ಆಗಿದ್ದರೆ ಪೊರೆ 41 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟಿಕೊಂಡೇ ಇರುತ್ತದೆ. ಒಂದರ ಬದಲು ಓಲಿಯಿಕ್ ಬಂದರೆ ಸೊನ್ನೆ ಡಿಗ್ರಿಗಿಂತ ಕೆಳಗೂ ಅದು ಮೆತ್ತಗಿರುತ್ತದೆ.

ಇಂಥ ಅಣುಗಳನ್ನು ನೀರಿಗೆ ಹಾಕಿದರೆ ಬಾಲಗಳು ಒಂದೆಡೆ ಸೇರುತ್ತವೆ. ಬಾಲಗಳು ಒಂದನ್ನೊಂದು ಬಲವಾಗಿ ಸೆಳೆದುಕೊಳ್ಳುತ್ತವೆ ಎಂದುಕೊಳ್ಳುವುದು ಸಹಜ, ಆದರೆ ಹಟ ಇರುವುದು ನೀರಿಗೆ. ನೀರಿನ ಅಣುಗಳು ಸದಾ ಒಂದರ ಕೈ ಇನ್ನೊಂದು ಹಿಡಿಯುತ್ತ, ಬಿಡುತ್ತ ಇರುತ್ತವೆ. ಎಣ್ಣೆಯ ಸರಪಳಿಯೊಂದು ನಡುವೆ ಬಂದರೆ ಅದರ ಕೈ ಹಿಡಿಯಲಾಗದು. ಸುತ್ತಲಿನ ನೀರಿನ ಅಣುಗಳು ಕೆಲವೇ ದಿಕ್ಕುಗಳಿಗೆ ತಿರುಗಿ ಬಿಗಿಯಾಗಿ ನಿಲ್ಲಬೇಕಾಗುತ್ತದೆ. ಬಾಲಗಳೆಲ್ಲ ಒಂದೆಡೆ ಅಡಗಿದಾಗ ಆ ಬಿಗಿ ಸಡಿಲುತ್ತದೆ, ನೀರಿಗೆ ತನ್ನ ಓಡಾಟ ಮರಳಿ ಸಿಗುತ್ತದೆ.

ಹಾಗೆ ಅಡಗುವಾಗ ಅಣುಗಳು ಉಂಡೆಯಾಗುತ್ತವೆಯೋ ಹಾಳೆಯಾಗುತ್ತವೆಯೋ ಎನ್ನುವುದನ್ನು ಹೇಳುವುದು ಹೈಸ್ಕೂಲಿನ ಜ್ಯಾಮಿತಿ. ಬಾವಿಯ ಒಳಗೋಡೆಗೆ ಒಳಮುಖ ಕಿರಿದು, ಹೊರಮುಖ ಅಗಲವಾಗಿರುವ ಕಲ್ಲುಗಳನ್ನೇ ಜೋಡಿಸುತ್ತ ಹೋದರೆ ಸಾಲು ತಾನಾಗಿ ವೃತ್ತವಾಗುತ್ತದೆ. ಎರಡೂ ಮುಖ ಸಮನಾದ ಕಲ್ಲಾದರೆ ನೇರ ಗೋಡೆಯೇ ಆಗುತ್ತದೆ. ಲೆಸಿಥಿನ್ನಿನ ಒಂದು ತಲೆ ಪೊರೆಯ ಮೇಲೆ ಸುಮಾರು 0.64 ಚದರ ನ್ಯಾನೋಮೀಟರ್ ಜಾಗ ಹಿಡಿಯುತ್ತದೆ. ಒಂದು ಬಾಲದ ಅಡ್ಡಕೊಯ್ತದ ವಿಸ್ತಾರ ಸುಮಾರು 0.21. ಎರಡು ಬಾಲ ಸೇರಿದರೆ 0.42, ಅಂದರೆ ತಲೆಯ ಮೂರನೇ ಎರಡು ಪಾಲು. ಒಂದೇ ಬಾಲವಿದ್ದರೆ ಮೂರನೇ ಒಂದು ಪಾಲು.

ಈ ಮೂರನೇ ಒಂದು ಎನ್ನುವುದು ಸುಮ್ಮನೆ ಬಂದ ಅಂಕಿಯಲ್ಲ. ಶಂಕುವಿನ ಘನಫಲ ಅದೇ ತಳ, ಅದೇ ಎತ್ತರದ ಸಿಲಿಂಡರಿನ ಮೂರನೇ ಒಂದು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಗೋಳವೆಂದರೆ ತುದಿಗಳನ್ನು ಕೇಂದ್ರಕ್ಕೆ ಚುಚ್ಚಿಕೊಂಡು ನಿಂತ ಶಂಕುಗಳ ಗುಂಪು ತಾನೆ? ಹಾಗಾಗಿ ಅನುಪಾತ ಮೂರನೇ ಒಂದರ ಆಸುಪಾಸಿನಲ್ಲಿದ್ದರೆ ಅಣುಗಳು ಪುಟ್ಟ ಉಂಡೆಗಳಾಗುತ್ತವೆ. ಅವೇ ಮೈಸೆಲ್‌ಗಳು. ಒಳಗೆ ಟೊಳ್ಳು ಉಳಿಯುವಂತಿಲ್ಲವಾದ್ದರಿಂದ ಅವುಗಳ ಎಣ್ಣೆಯ ತಿರುಳಿನ ತ್ರಿಜ್ಯ ಒಂದು ಬಾಲದ ಉದ್ದವನ್ನು, ಅಂದರೆ ಎರಡು ನ್ಯಾನೋಮೀಟರನ್ನು, ಹೆಚ್ಚೇನೂ ಮೀರದು. ಅನುಪಾತ ಅರ್ಧದಿಂದ ಒಂದರ ನಡುವೆ ಇದ್ದರೆ ಬಾಲಕ್ಕೆ ಬಾಲ ತಾಗಿಸಿ ಎರಡು ಸಾಲು ನಿಲ್ಲುವ ಹಾಳೆ, ಅಂದರೆ ದ್ವಿಪದರ. ಜೀವಕೋಶದ ಪೊರೆ ಇದೇ. 1976ರಲ್ಲಿ ಇಸ್ರೇಲಾಚ್ವಿಲಿ, ಮಿಚೆಲ್ ಮತ್ತು ನಿನ್‌ಹ್ಯಾಮ್ ಈ ಲೆಕ್ಕವನ್ನು ವ್ಯವಸ್ಥಿತವಾಗಿ ಮಂಡಿಸಿದರು. ಇದು ಅಂದಾಜಿನ ಲೆಕ್ಕವೆಂಬುದು ನೆನಪಿರಲಿ. ಉಪ್ಪು, ಶಾಖ, ನೆರೆಯ ಅಣುಗಳು ತಲೆಯ ವಿಸ್ತಾರವನ್ನೇ ಬದಲಿಸಬಲ್ಲವು.

ಈಗ ನಾಗರಹಾವಿಗೆ ಬರೋಣ. ಅದರ ವಿಷದಲ್ಲಿ ಫಾಸ್ಫೊಲೈಪೇಸ್ ಎ2 ಎಂಬ ಕಿಣ್ವವಿದೆ, ಸುಮಾರು 120 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು. ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ನಾಗರ ಮತ್ತು ಕೊಳಕುಮಂಡಲದ ಈ ಕಿಣ್ವಗಳ ಅಧ್ಯಯನ ಬಹುಕಾಲ ನಡೆದಿದೆ. ಕ್ಯಾಲ್ಸಿಯಂ ಇದ್ದರೆ ಮಾತ್ರ ಕೆಲಸ ಮಾಡುವ ಕಿಣ್ವ ಇದು. ಬಿಡಿಬಿಡಿಯಾಗಿ ಕರಗಿದ ಅಣುಗಳಿಗಿಂತ, ಒತ್ತಾಗಿ ನಿಂತ ಪೊರೆಯ ಮೇಲೆ ಕೂತಾಗ ಅದರ ವೇಗ ಬಹಳ ಹೆಚ್ಚು. ಗ್ಲಿಸರಾಲಿನ ನಡು ಇಂಗಾಲಕ್ಕೂ ಬಾಲಕ್ಕೂ ಇರುವ ಎಸ್ಟರ್ ಬಂಧವನ್ನು ಅದು ನೀರು ಸೇರಿಸಿ ಬಿಡಿಸುತ್ತದೆ. ಓಲಿಯಿಕ್ ಆಮ್ಲ ಕಳಚಿಕೊಳ್ಳುತ್ತದೆ. ಉಳಿಯುವುದು ಒಂಟಿ ಬಾಲದ ಲೈಸೊಲೆಸಿಥಿನ್. ಡೆಲಝೆನ್ ಮತ್ತು ಫೂರ್ನೋ 1914ರಲ್ಲಿ ಇದರ ರಚನೆಯನ್ನು ಬಿಡಿಸಿ ತೋರಿಸಿದ ಮೇಲೆ ಕೈಸ್ ಕಂಡ ಮಾರಕ ವಸ್ತುವಿನ ಗುಟ್ಟು ರಟ್ಟಾಯಿತು.

ಹಾಳೆಗೆ ತಕ್ಕ ಅಣು ಹೀಗೆ ಒಂದೇ ಏಟಿಗೆ ಉಂಡೆಗೆ ತಕ್ಕ ಅಣುವಾಗುತ್ತದೆ, ಹೆಚ್ಚುಕಡಿಮೆ ಸಾಬೂನಿನ ಹಾಗೆ. ಅದು ನೀರಿನಲ್ಲಿ ಬಿಡಿಯಾಗಿ ಇರಬಲ್ಲ ಪ್ರಮಾಣವೂ ಎರಡು ಬಾಲದ ಅಣುವಿಗಿಂತ ಹತ್ತು ಸಾವಿರ ಪಟ್ಟು ಹೆಚ್ಚು. ಆದ್ದರಿಂದ ಒಂದು ಪೊರೆಯಿಂದ ಎದ್ದು ಇನ್ನೊಂದಕ್ಕೆ ಸುಲಭವಾಗಿ ಹೋಗುತ್ತದೆ. ಕೆಂಪುಕಣದ ಪೊರೆಯ ಹೊರಸಾಲಿಗೆ ಅದು ನುಸುಳಿದರೆ, ಒಳಸಾಲಿಗೆ ಬೇಗ ಮಗುಚಲಾರದ ಕಾರಣ ಹೊರಸಾಲು ಮಾತ್ರ ಹಿಗ್ಗುತ್ತದೆ. ಸೂಕ್ಷ್ಮದರ್ಶಕದಡಿ ನುಣುಪು ತಟ್ಟೆಯಂತಿದ್ದ ಕಣ ಮುಳ್ಳುಮುಳ್ಳಾಗುವುದು ಕಾಣುತ್ತದೆ. ಇನ್ನಷ್ಟು ಸೇರಿದರೆ ಪೊರೆ ಸೋರತೊಡಗಿ, ನೀರು ಒಳನುಗ್ಗಿ, ಕಣ ಉಬ್ಬಿ ಒಡೆಯುತ್ತದೆ.

ಆಡು, ಕುರಿ, ಎತ್ತುಗಳ ಕಣಗಳು ಏಕೆ ಬಚಾವಾದವು? ಮೆಲುಕು ಹಾಕುವ ಪ್ರಾಣಿಗಳ ಕೆಂಪುಕಣಗಳಲ್ಲಿ ಲೆಸಿಥಿನ್ ತೀರಾ ಕಡಿಮೆ, ಅದರ ಜಾಗದಲ್ಲಿ ಸ್ಫಿಂಗೊಮಯೆಲಿನ್ ಇದೆ. ಅದೇ ಕೋಲೀನ್ ತಲೆ, ಬಾಲವೂ ಎರಡೇ. ಆದರೆ ಅಲ್ಲಿ ಕೊಬ್ಬಿನಾಮ್ಲ ಅಂಟಿರುವುದು ಅಮೈಡ್ ಬಂಧದಿಂದ, ಹಾವಿನ ಕಿಣ್ವಕ್ಕೆ ಅದನ್ನು ಕಡಿಯಲು ಬಾರದು. ಕೈಸ್ ಹೊರಗಿನಿಂದ ಲೆಸಿಥಿನ್ ಕೊಟ್ಟಾಗ ಕಿಣ್ವಕ್ಕೆ ಕಡಿಯಲು ವಸ್ತು ಸಿಕ್ಕಿತು. ಅದರಿಂದ ಹುಟ್ಟಿದ ಲೈಸೊಲೆಸಿಥಿನ್ ಆಡಿನ ಕಣಗಳನ್ನೂ ಒಡೆಯಿತು.

ಇಷ್ಟಾಗಿಯೂ ನಾಗರ ಕಚ್ಚಿದವರು ಸಾಯುವುದು ಸಾಮಾನ್ಯವಾಗಿ ರಕ್ತಕಣ ಒಡೆದಲ್ಲ, ಬೇರೆ ನರವಿಷಗಳಿಂದ ಉಸಿರಾಟದ ಸ್ನಾಯುಗಳು ನಿಂತು. ಬಾಲ ಕಡಿಯುವ ವಿದ್ಯೆಯ ಭಯಂಕರ ರೂಪ ಇರುವುದು ಕಟ್ಟುಹಾವಿನ ಬಳಗದಲ್ಲಿ. ಅವುಗಳ ಕೆಲವು ನರವಿಷಗಳು ಸ್ವತಃ ಫಾಸ್ಫೊಲೈಪೇಸ್‌ಗಳು, ನರದ ತುದಿಗೇ ಹೋಗಿ ಕೂರುವಂಥವು. ಇಲ್ಲಿ ಕಡಿದುಬಿದ್ದ ಕೊಬ್ಬಿನಾಮ್ಲಕ್ಕೂ ಪಾತ್ರವಿದೆ. ಅದರ ತಲೆ ಚಿಕ್ಕದು, ಆಕಾರ ಲೈಸೊಲೆಸಿಥಿನ್ನಿಗೆ ತದ್ವಿರುದ್ಧ. ಎರಡೂ ಪಕ್ಕಪಕ್ಕದಲ್ಲೇ ಉಳಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿ ಹಾಳೆ ಹಾಗೆಯೇ ನಿಲ್ಲಬಹುದು. ಆದರೆ ಕೊಬ್ಬಿನಾಮ್ಲ ಸಲೀಸಾಗಿ ಒಳಸಾಲಿಗೆ ಮಗುಚುತ್ತದೆ, ಲೈಸೊಲೆಸಿಥಿನ್ ಹೊರಗೇ ಉಳಿಯುತ್ತದೆ. ಎರಡು ಸಾಲುಗಳ ಬಾಗು ಹೀಗೆ ಕೆಟ್ಟಾಗ, ಒಳಗಿನ ಸಂದೇಶಕೋಶಿಕೆಗಳು ಪೊರೆಗೆ ಅಂಟಿ ಬರಿದಾಗುತ್ತವೆ. ಇಟಲಿಯ ಪಡುವಾದ ಮೊಂಟೆಕುಕ್ಕೊ ಅವರ ತಂಡ 2005ರಲ್ಲಿ ವಿಷವೇ ಇಲ್ಲದೆ, ಈ ಎರಡು ಅಣುಗಳ ಮಿಶ್ರಣವನ್ನಷ್ಟೇ ಇಲಿಯ ನರತುದಿಗೆ ಹಾಕಿ ಅದೇ ಪರಿಣಾಮವನ್ನು ತೋರಿಸಿತು. ಕಟ್ಟುಹಾವು ಕಚ್ಚಿದವರಿಗೆ ಪ್ರತಿವಿಷ ತಡವಾಗಿ ಕೊಟ್ಟರೆ ಲಕ್ವ ಕೂಡಲೇ ಇಳಿಯದಿರುವುದು ಇದಕ್ಕೇ. ಪ್ರತಿವಿಷ ರಕ್ತದಲ್ಲಿರುವ ಕಿಣ್ವವನ್ನು ಹಿಡಿದೀತು, ಹಾಳಾದ ನರತುದಿಯನ್ನು ಸರಿಪಡಿಸದು. ಅದು ಮತ್ತೆ ಬೆಳೆಯುವವರೆಗೆ, ಕೆಲವೊಮ್ಮೆ ವಾರಗಟ್ಟಲೆ, ರೋಗಿ ವೆಂಟಿಲೇಟರಿನಲ್ಲೇ ಇರಬೇಕಾಗುತ್ತದೆ.