ಹಸಿದ ಮಗುವಿನ ಉಸಿರಿನಲ್ಲಿ ಸಿಹಿ ವಾಸನೆ

ಜ್ವರದಿಂದ ಇಡೀ ದಿನ ಊಟ ಬಿಟ್ಟ ನಾಲ್ಕು ವರ್ಷದ ಮಗು ಮರುದಿನ ಬೆಳಗ್ಗೆ ಪದೇ ಪದೇ ವಾಂತಿ ಮಾಡುತ್ತದೆ. ಉಸಿರಿಗೆ ಮಾಗಿದ ಹಣ್ಣಿನ ವಾಸನೆ. ಇದಕ್ಕೆ ಕಾರಣ ಹಸಿವೆಯೇ ಇರಬಹುದು.

ಚಿಕ್ಕ ಮಕ್ಕಳ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ. ಅದು ಮುಗಿದಾಗ ಶರೀರ ಕೊಬ್ಬನ್ನು ಕರಗಿಸುತ್ತದೆ. ಆಗ ಹುಟ್ಟುವ ಕೀಟೋನ್‌ಗಳು ರಕ್ತದಲ್ಲಿ ಹೆಚ್ಚಿದರೆ ವಾಕರಿಕೆ ಬರುತ್ತದೆ. ಅವುಗಳಲ್ಲೊಂದಾದ ಅಸಿಟೋನ್ ಉಸಿರಿನೊಂದಿಗೆ ಹೊರಬೀಳುತ್ತದೆ. ವಾಕರಿಕೆಯಿಂದ ಮಗು ಉಣ್ಣದು, ಉಣ್ಣದೆ ಕೀಟೋನ್ ಇಳಿಯದು.

ಓಆರ್‌ಎಸ್ ದ್ರಾವಣವನ್ನು ಐದು ನಿಮಿಷಕ್ಕೊಂದು ಚಮಚದಂತೆ ಕುಡಿಸಿದರೆ ಅದರಲ್ಲಿನ ಗ್ಲೂಕೋಸ್ ಈ ಸುತ್ತನ್ನು ಮುರಿಯುತ್ತದೆ. ಒಮ್ಮೆಗೇ ಲೋಟ ಕೊಟ್ಟರೆ ಮತ್ತೆ ವಾಂತಿಯಾದೀತು.

ಮಗು ಕೆಲ ದಿನಗಳಿಂದ ವಿಪರೀತ ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತಿದ್ದರೆ ಇದೇ ವಾಸನೆ ಮಧುಮೇಹದ್ದಿರಬಹುದು. ಆಗ, ಅಥವಾ ಮಗು ಮಂಕಾದರೆ, ತಕ್ಷಣ ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ ನೋಡಿಸಬೇಕು.